ಹಾಜರಿ ಪುಸ್ತಕದಲ್ಲಿ ಕಾಣುವ ಮನೆ

ಏಳನೇ ಕ್ಲಾಸಿನ ಒಬ್ಬಳು ಹುಡುಗಿಯ ಹಾಜರಿ ನೋಡೋಣ. ಜೂನ್‌ನಿಂದ ಅಕ್ಟೋಬರ್‌ವರೆಗೆ 17 ದಿನ ರಜೆ. ಅದರಲ್ಲಿ 11 ಸೋಮವಾರ. ನವೆಂಬರ್ ನಡುವಿನಿಂದ ಕ್ರಿಸ್ಮಸ್ ರಜೆಯವರೆಗೆ ಒಂದೇ ಒಂದು ರಜೆ ಇಲ್ಲ. ಓಣಂ ಪರೀಕ್ಷೆಯಲ್ಲಿ ಗಣಿತಕ್ಕೆ ಪಾಸಾಗಲು ಒದ್ದಾಡಿದವಳು ಕ್ರಿಸ್ಮಸ್ ಪರೀಕ್ಷೆಯಲ್ಲಿ ಕ್ಲಾಸಿಗೆ ಎರಡನೆಯವಳು. ಜನವರಿ ಕೊನೆಗೆ ಮತ್ತೆ ಸೋಮವಾರಗಳು ಖಾಲಿ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿಸಿದವರಿಗೆ ಈ ಪಟ್ಟಿಯ ಗುಟ್ಟು ಹೊಳೆಯಬೇಕು. ನನಗೆ ಹೊಳೆಯಲು ಬಹಳ ವರ್ಷ ಹಿಡಿಯಿತು. ನವೆಂಬರ್ ನಡುವೆ ವೃಶ್ಚಿಕ ತಿಂಗಳು ಶುರು. ಅಪ್ಪ ಅಯ್ಯಪ್ಪನ ಮಾಲೆ ಹಾಕುತ್ತಾರೆ. 41 ದಿನದ ವ್ರತ, ಮಕರಜ್ಯೋತಿಗೆ ಹೋಗುವವರಾದರೆ ಇನ್ನೂ ಜಾಸ್ತಿ ದಿನ. ಅಷ್ಟು ದಿನ ಕುಡಿತ ಇಲ್ಲ. ಮನೆಯಲ್ಲಿ ಬೊಬ್ಬೆ ಇಲ್ಲ, ರಾತ್ರಿ ನಿದ್ದೆ ಉಂಟು. ಮಲೆಗೆ ಹೋಗಿ ಬಂದು ಮಾಲೆ ತೆಗೆದ ಮೇಲೆ ಎಲ್ಲ ಮೊದಲಿನ ಹಾಗೆ. ಹುಡುಗಿಯ ಬುದ್ಧಿಯಲ್ಲಿ ಜೂನ್‌ಗೂ ಡಿಸೆಂಬರ್‌ಗೂ ಏನೂ ವ್ಯತ್ಯಾಸ ಆಗಿರಲಿಲ್ಲ. ಮನೆ ಮಾತ್ರ ಬದಲಾಗಿತ್ತು. ನಾವು ಸ್ಟಾಫ್ ರೂಮಿನಲ್ಲಿ ಕೂತು "ಮನಸ್ಸು ಮಾಡಿದ್ರೆ ಓದ್ತಾಳೆ, ಉದಾಸೀನ ಅಷ್ಟೆ" ಎಂದು ಮಾತಾಡಿಕೊಳ್ಳುತ್ತಿದ್ದೆವು.

ಇವಳು ಒಬ್ಬಳೇ ಅಲ್ಲ. ಮೂರು ನಾಲ್ಕು ಮಕ್ಕಳನ್ನು ಸೇರಿಸಿ ಒಬ್ಬಳನ್ನಾಗಿ ಮಾಡಿ ಹೇಳುತ್ತಿದ್ದೇನೆ, ಯಾರ ಗುರುತೂ ಸಿಗದ ಹಾಗೆ. ಅಪ್ಪ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸ. ಅಮ್ಮ ಬೀಡಿ ಕಟ್ಟುತ್ತಾರೆ. ಒಬ್ಬ ತಮ್ಮ, ಎರಡನೇ ಕ್ಲಾಸು. ಶನಿವಾರ ಸಂಬಳ ಬಟವಾಡೆ. ಶನಿವಾರ ಸಂಜೆ ಶುರುವಾದದ್ದು ಆದಿತ್ಯವಾರ ರಾತ್ರಿಗೆ ಮುಗಿಯುತ್ತದೆ. ಸೋಮವಾರ ಬೆಳಿಗ್ಗೆ ಒಡೆದದ್ದನ್ನು ಗುಡಿಸಿ, ತಮ್ಮನಿಗೆ ತಿಂಡಿ ಕೊಟ್ಟು, ಅಮ್ಮನ ಹತ್ತಿರ ಕೂತುಕೊಳ್ಳಲು ಒಬ್ಬರು ಬೇಕು. ಸೋಮವಾರದ ರಜೆ ಅಂದರೆ ಅದು.

ಕೇರಳದಲ್ಲಿ ಪ್ರತಿ ತಿಂಗಳು ಒಂದನೇ ತಾರೀಕು ಸರಕಾರದ ಮದ್ಯದಂಗಡಿಗೆ ರಜೆ. ಸಂಬಳ ನೇರ ಅಂಗಡಿಗೆ ಹೋಗದಿರಲಿ ಎಂದು ಮಾಡಿದ ನಿಯಮ. ಮಂಜೇಶ್ವರದಲ್ಲಿ ಇದಕ್ಕೆ ಯಾವ ಬೆಲೆಯೂ ಇಲ್ಲ. ತಲಪಾಡಿ ದಾಟಿದರೆ ಕರ್ನಾಟಕ. ಅಲ್ಲಿಯ ಪ್ಯಾಕೆಟ್ ಬೈಕಿನ ಸೀಟಿನಡಿ ಕೂತು ಈಚೆ ಬರುತ್ತದೆ. ಹಾಗಾಗಿ ಅಂಗಡಿ ಮುಚ್ಚಿದ ದಿನ ಮನೆ ತಣ್ಣಗಿರುತ್ತದೆ ಎಂದು ಲೆಕ್ಕ ಹಾಕಬೇಡಿ.

ಮಾಲೆಯ ವಿಷಯಕ್ಕೆ ವಾಪಸ್ ಬರೋಣ. ಅದರ ಇನ್ನೊಂದು ಮುಖ ಶಾಲೆಗೆ ಗೊತ್ತಿರಬೇಕು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಶರೀರ ಸುಮ್ಮನೆ ಬಿಡುವುದಿಲ್ಲ. ಮೊದಲ ದಿನವೇ ಕೈ ನಡುಕ, ಬೆವರು, ನಿದ್ದೆ ಇಲ್ಲ. ಕೆಲವರಿಗೆ ಮೊದಲ ಎರಡು ದಿನದ ಒಳಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇನ್ನು ಕೆಲವರಿಗೆ ಇಲ್ಲದ್ದು ಕಾಣುತ್ತದೆ. ಗೋಡೆ ಮೇಲೆ ಹುಳ ಹರಿಯುತ್ತದೆ, ಯಾರೋ ಕರೆಯುತ್ತಾರೆ, ಮನೆಯವರ ಗುರುತು ತಪ್ಪುತ್ತದೆ. ಇದು ಜೀವ ತೆಗೆಯುವ ಸ್ಥಿತಿ. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು, ಥಯಾಮಿನ್ ವಿಟಮಿನ್ ಕೊಟ್ಟು ಕೆಲವು ದಿನ ನೋಡಿಕೊಂಡರೆ ಸರಿಯಾಗುತ್ತದೆ. ಆದರೆ ಮಾಲೆ ಹಾಕಿದ ಮೂರನೇ ರಾತ್ರಿ ಮನೆಯಲ್ಲಿ ಹೀಗಾದರೆ ನಮ್ಮೂರಿನಲ್ಲಿ ಮೊದಲು ಯಾರನ್ನು ಕರೆಯುತ್ತಾರೆ? ವ್ರತದಲ್ಲಿ ಏನೋ ಅಪಚಾರ ಆಗಿದೆ, ದೈವದ ಉಪದ್ರ ಇರಬೇಕು, ನಾಳೆ ಜ್ಯೋತಿಷ್ಯ ನೋಡುವ ಬಲ್ಯಾಯರ ಹತ್ತಿರ ಕೇಳಿಸೋಣ. ಬೆಳಗಾಗುವುದರ ಒಳಗೆ ಹೊತ್ತು ಮೀರಿರಬಹುದು.

ಹನ್ನೆರಡು ವರ್ಷದ ಹುಡುಗಿ ಇದನ್ನೆಲ್ಲ ಪಕ್ಕದಲ್ಲಿ ನಿಂತು ನೋಡುತ್ತಾಳೆ. ಅವಳು ಮಾಡುವ ಲೆಕ್ಕ ಬೇರೆಯೇ. "ನಾನು ಆ ದಿನ ಸ್ನಾನ ಮಾಡದೆ ಅಪ್ಪನ ಬಟ್ಟೆ ಮುಟ್ಟಿದ್ದೆ ಟೀಚರ್, ಅದಕ್ಕೆ ಹಾಗಾದದ್ದು." ಈ ಮಾತು ನಾನು ಕೇಳಿದ್ದೇನೆ. ಅಪ್ಪನಿಗೆ ಆದದ್ದು ಶರೀರದ ಕಾಯಿಲೆ, ನೀನು ಮುಟ್ಟಿದ್ದರಿಂದ ಅಲ್ಲ, ಡಾಕ್ಟರಿಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ ಎಂದು ಯಾರಾದರೂ ಅವಳಿಗೆ ಹೇಳಬೇಕಲ್ವಾ? ಮನೆಯಲ್ಲಿ ಹೇಳುವವರಿಲ್ಲ. ಸಾಮಾನ್ಯವಾಗಿ ಶಾಲೆಯೂ ಹೇಳುವುದಿಲ್ಲ.

ಶಾಲೆ ಮಾಡುವುದು ಬೇರೆ. ನಾನು ಕೆಲಸ ಮಾಡಿದ ಒಂದು ಕಡೆ ನಡೆದದ್ದನ್ನೇ ಹೇಳುತ್ತೇನೆ, ನಾನೂ ಅದರಲ್ಲಿ ಪಾಲುದಾರಳೇ. ರಜೆ ಜಾಸ್ತಿಯಾಯಿತು ಎಂದು ಒಬ್ಬ ಹುಡುಗಿಯ ಅಪ್ಪನನ್ನು ಕರೆಸಿದೆವು. ಅವರು ಇಸ್ತ್ರಿ ಹಾಕಿದ ಶರ್ಟು ಹಾಕಿಕೊಂಡು ಬಂದರು, ಕೈ ಕಟ್ಟಿ ನಿಂತರು, "ಇನ್ನು ಸರಿಯಾಗಿ ಕಳಿಸ್ತೇನೆ ಟೀಚರ್" ಅಂದರು. ಮಾತಿನ ನಡುವೆ ನಮ್ಮಲ್ಲೊಬ್ಬರು, "ಮನೆಯಲ್ಲಿ ಸ್ವಲ್ಪ ಕಷ್ಟ ಉಂಟು ಅಂತ ಅವಳೇ ಹೇಳಿದ್ಳು" ಎಂದುಬಿಟ್ಟರು. ಅಪ್ಪ ಏನೂ ಮಾತಾಡಲಿಲ್ಲ. ಮರುದಿನ ಹುಡುಗಿ ಉದ್ದ ತೋಳಿನ ಸ್ವೆಟರ್ ಹಾಕಿಕೊಂಡು ಬಂದಿದ್ದಳು. ಸೆಕೆಗಾಲ ಅದು. ಆಮೇಲೆ ಇಡೀ ವರ್ಷ ಅವಳು ನಮ್ಮ ಹತ್ತಿರ ಬಾಯಿ ಬಿಡಲಿಲ್ಲ.

ಮಗು ಹೇಳಿದ್ದು ಮಗುವಿನ ಹೆಸರಲ್ಲಿ ಮನೆಗೆ ವಾಪಸ್ ಹೋಗಬಾರದು. ಕುಡಿತದ ಮನೆಗಳಲ್ಲಿ ಶಾಲೆ ಮಾಡುವ ಅತಿ ದೊಡ್ಡ ತಪ್ಪು ಇದೇ ಎಂದು ನನ್ನ ಅನಿಸಿಕೆ.

ಇನ್ನೊಂದು ತಪ್ಪು ವರ್ಷಕ್ಕೊಮ್ಮೆ, ಜೂನ್ 26ಕ್ಕೆ ಬರುತ್ತದೆ. ಮಾದಕ ವಸ್ತು ವಿರೋಧಿ ದಿನ. ಮೆರವಣಿಗೆ, ಘೋಷಣೆ, ಪೋಸ್ಟರ್ ಸ್ಪರ್ಧೆ. ಪೋಸ್ಟರಿನಲ್ಲಿ ಕುಡುಕ ಯಾವಾಗಲೂ ಚರಂಡಿಯಲ್ಲಿ ಬಿದ್ದಿರುತ್ತಾನೆ, ಕೈಯಲ್ಲಿ ಬಾಟ್ಲಿ, ಪಕ್ಕದಲ್ಲಿ ನಾಯಿ. ಸ್ಕಿಟ್ಟಿನಲ್ಲಿ ಒಬ್ಬ ಹುಡುಗ ತೂರಾಡಿದರೆ ಇಡೀ ಸಭೆ ನಗುತ್ತದೆ. ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಹಾಗೆ ತೂರಾಡುವ ಅಪ್ಪನನ್ನು ಮನೆಯಲ್ಲಿಟ್ಟುಕೊಂಡವರು ನಾಲ್ಕೈದು ಮಂದಿಯಾದರೂ ಇರುತ್ತಾರೆ. ಆ ಅಪ್ಪ ವಿಷು ಕಣಿಗೆ ಕೈನೀಟದ ಹಣ ಕೊಟ್ಟವರು, ಜ್ವರ ಬಂದಾಗ ಹೆಗಲ ಮೇಲೆ ಹೊತ್ತುಕೊಂಡು ಹೋದವರು. ನಗುವ ಮಕ್ಕಳ ಜೊತೆ ಅವರೂ ನಗಬೇಕು. ಅಂದಿನಿಂದ ಅವರಿಗೆ ಒಂದು ಖಾತ್ರಿ: ಇದನ್ನು ಇಲ್ಲಿ ಹೇಳಬಾರದು.

ಹಾಗಾದರೆ ಹೇಗೆ ಕೇಳಬೇಕು? "ಮನೆಯಲ್ಲಿ ಏನು ಸಮಸ್ಯೆ?" ಎಂದು ಕೇಳಿದರೆ ಉತ್ತರ ಒಂದೇ, "ಎಂತದೂ ಇಲ್ಲ ಟೀಚರ್." ಅಮ್ಮ ಹೇಳಿ ಕಳಿಸಿದ್ದಾರೆ, ಶಾಲೆಯಲ್ಲಿ ಬಾಯಿ ಬಿಡಬೇಡ ಎಂದು. ಅಮ್ಮನ ಮಾತು ಮುರಿಯದೆ ಉತ್ತರ ಕೊಡಬಹುದಾದ ಪ್ರಶ್ನೆ ಬೇಕು. ನಾನು ಕಲಿತದ್ದು ಸಂಖ್ಯೆಯ ಪ್ರಶ್ನೆ. ಎದುರು ಕೂರಿಸಿ ಅಲ್ಲ, ಪುಸ್ತಕಕ್ಕೆ ಬೈಂಡ್ ಹಾಕುತ್ತಲೋ ಗಿಡಕ್ಕೆ ನೀರು ಹಾಕುತ್ತಲೋ. "ನಿನ್ನೆ ಎಷ್ಟು ಗಂಟೆಗೆ ಮಲಗಿದ್ದು?" "ಎರಡು." "ಊಟ ಆಗಿತ್ತಾ?" "ಅನ್ನ ಚೆಲ್ಲಿತ್ತು." ಇಷ್ಟು ಸಾಕು. ಅನ್ನ ಯಾರು ಚೆಲ್ಲಿದ್ದು ಎಂದು ನಾನು ಕೇಳಲಿಲ್ಲ. ಮರುದಿನ ಅವಳೇ ಹೇಳಿದಳು.

"ಯಾರಿಗೂ ಹೇಳೋದಿಲ್ಲ" ಎಂಬ ಭಾಷೆ ಮಾತ್ರ ಕೊಡಬಾರದು. ನಾಳೆ ಅವಳಿಗೆ ಪೆಟ್ಟಾದರೆ, ಅಥವಾ ಯಾರಾದರೂ ಮೈ ಮುಟ್ಟುತ್ತಾರೆ ಎಂದು ಹೇಳಿದರೆ ಸುಮ್ಮನೆ ಇರುವ ಹಾಗಿಲ್ಲ. ಎರಡನೆಯದರಲ್ಲಿ ಪೋಕ್ಸೊ ಕಾಯಿದೆ ಪ್ರಕಾರ ತಿಳಿಸದಿರುವುದೇ ಅಪರಾಧ. ಅದಕ್ಕೆ ನಾನು ಹೇಳುವುದು ಹೀಗೆ: "ನೀನು ಹೇಳಿದ್ದನ್ನು ಕ್ಲಾಸಿನಲ್ಲಿ, ಸ್ಟಾಫ್ ರೂಮಿನಲ್ಲಿ ಹೇಳುವುದಿಲ್ಲ. ನಿನಗೆ ಅಪಾಯ ಉಂಟು ಅನಿಸಿದರೆ ಒಬ್ಬರಿಗೆ ಹೇಳ್ತೇನೆ. ಹೇಳುವ ಮೊದಲು ನಿನಗೆ ತಿಳಿಸ್ತೇನೆ."

ಕೌನ್ಸೆಲರ್ ಇಲ್ಲವೇ ಎಂದು ಕೇಳುತ್ತೀರಿ. ಕೇರಳದ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆ ಶಾಲೆಗಳಲ್ಲಿ ಕೌನ್ಸೆಲರ್‌ಗಳನ್ನು ಇಟ್ಟಿದೆ, ಒಳ್ಳೆಯ ಯೋಜನೆ. ನಮ್ಮ ಗಡಿಯಲ್ಲಿ ತೊಡಕು ಭಾಷೆಯದ್ದು. ಮಗು ಮನೆಯಲ್ಲಿ ಮಾತಾಡುವುದು ತುಳು, ಓದುವುದು ಕನ್ನಡ. ಬಂದವರಿಗೆ ಮಲಯಾಳ ಮಾತ್ರ ಗೊತ್ತಿದ್ದರೆ ಏನಾಗುತ್ತದೆ? ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆರ್ ಅಂದರೆ ತಂದೆ. "ಅಮ್ಮೆರ್ ಪರ್ದ್ ಬರ್ಪೆರ್" ಎಂದು ಮಗು ಹೇಳಿದರೆ ಅಪ್ಪ ಕುಡಿದು ಬರುತ್ತಾರೆ ಎಂದು ಅರ್ಥ. ಮಲಯಾಳದ ಕಿವಿಗೆ ಅದರಲ್ಲಿ ಕೇಳುವುದು ಅಮ್ಮ! ನಗು ಬರುವ ವಿಷಯವೇ, ಆದರೆ ಆ ತಪ್ಪು ಕಡತಕ್ಕೆ ಹೋದರೆ ನಗು ಬರುವುದಿಲ್ಲ. ನೋವಿನ ಮಾತು ಬರುವುದು ಮನೆಯ ಭಾಷೆಯಲ್ಲಿ. ಹಾಗಾಗಿ ಮೊದಲ ಎರಡು ಮೂರು ಸಲ ತುಳು ಬರುವ ಒಬ್ಬ ಟೀಚರ್ ಜೊತೆಗಿರಬೇಕು, ಮಗು ಬೇಡ ಎನ್ನದಿದ್ದರೆ. ಸಹಪಾಠಿಯನ್ನು ಕರೆದು "ಅವಳು ಎಂತ ಹೇಳ್ತಾಳೆ, ಹೇಳು" ಎನ್ನುವುದು ಖಂಡಿತ ಬೇಡ. ಹಾಗೂ ಮಾಡಿದ್ದನ್ನು ನೋಡಿದ್ದೇನೆ.

ಇನ್ನು ಮೊದಲು ಹೇಳಿದ ಆ ಸೋಮವಾರದ ಹುಡುಗಿಗೆ ಕೊನೆಗೆ ಏನು ಮಾಡಿದೆವು ಎಂಬುದು. ಅಪ್ಪನ ಕುಡಿತ ಬಿಡಿಸುವುದು ಶಾಲೆಯ ಕೈಯಲ್ಲಿಲ್ಲ. ಅದನ್ನು ಒಪ್ಪಿಕೊಂಡ ಮೇಲೆ ಕೆಲಸ ಸುಲಭವಾಯಿತು. ಪುಸ್ತಕ, ಚೀಲ ಶಾಲೆಯ ಕಪಾಟಿನಲ್ಲೇ ಇಡುವುದು, ಯಾಕೆಂದರೆ ಮನೆಯಲ್ಲಿ ಎರಡು ಸಲ ಪುಸ್ತಕ ಒಲೆಗೆ ಹೋಗಿತ್ತು. ಬೆಳಿಗ್ಗೆ ಬೆಲ್ ಹೊಡೆಯುವ ಅರ್ಧ ಗಂಟೆ ಮೊದಲು ಬಂದು ಲೈಬ್ರೆರಿಯಲ್ಲಿ ಹೋಂವರ್ಕ್ ಮಾಡುವುದು. ಅವಳೊಬ್ಬಳೇ ಆದರೆ ಎದ್ದು ಕಾಣುತ್ತದೆ ಎಂದು ಇನ್ನೂ ಐದು ಮಕ್ಕಳನ್ನು ಸೇರಿಸಿ ಅದಕ್ಕೆ ಓದುವ ಗುಂಪು ಎಂದು ಹೆಸರಿಟ್ಟೆವು. ಸೋಮವಾರ ತಡವಾಗಿ ಬಂದರೂ ಹೊರಗೆ ನಿಲ್ಲಿಸದೆ ಒಳಗೆ ಬಿಡುವುದು. ಹನ್ನೊಂದು ಗಂಟೆಗೆ ಬಂದರೂ ಸರಿ, ಮಧ್ಯಾಹ್ನದ ಊಟಕ್ಕಾದರೂ ಬಂದರೆ ಸರಿ. ಅವಳು ಒಂದನೇ ತಾಸಿನಲ್ಲಿ ನಿದ್ದೆ ಹೋದರೆ ಎಬ್ಬಿಸುವುದಿಲ್ಲ ಎಂದು ನಾನೂ ಕನ್ನಡ ಮಾಷ್ಟ್ರೂ ಒಪ್ಪಿಕೊಂಡೆವು. ವಿಷಯ ಗೊತ್ತಿದ್ದದ್ದು ನಮಗಿಬ್ಬರಿಗೆ ಮತ್ತು ಹೆಡ್‌ಮಾಷ್ಟ್ರಿಗೆ ಮಾತ್ರ.

ರಾತ್ರಿಗೂ ಒಂದು ಲೆಕ್ಕ ಬೇಕಿತ್ತು. ಬೊಬ್ಬೆ ಶುರುವಾದರೆ ಯಾವ ಬಾಗಿಲಿನಿಂದ ಹೊರಗೆ ಬರುವುದು, ಯಾರ ಮನೆಗೆ ಹೋಗುವುದು. ಅಮ್ಮನೂ ಬಂದು ಕೂತು ಮಾತಾಡಿದರು. ಬೀಡಿ ಬ್ರಾಂಚಿಗೆ ಹೋಗುವ ದಾರಿಯಲ್ಲಿ ಬಂದವರು, ಅಪ್ಪನಿಗೆ ಸಂಶಯ ಬಾರದ ಹೊತ್ತು ಅದು. ತೋಟದ ಆಚೆ ದೊಡ್ಡಮ್ಮನ ಮನೆ ಎಂದು ಗೊತ್ತುಮಾಡಿದೆವು. ತಮ್ಮನನ್ನು ಎಬ್ಬಿಸಿಕೊಂಡು ಹೋಗುವುದು ಅವಳ ಕೆಲಸ, ಅಪ್ಪ ಅಮ್ಮನ ನಡುವೆ ಹೋಗಿ ನಿಲ್ಲುವುದು ಅವಳ ಕೆಲಸ ಅಲ್ಲ. ಇದನ್ನು ಅವಳಿಗೆ ಅಮ್ಮನೇ ಹೇಳಬೇಕಾಯಿತು. ಕುಡಿದವರ ಬೈಕಿನ ಹಿಂದೆ ಕೂರಬಾರದು, ಅಪ್ಪನೇ ಆದರೂ. ಚೈಲ್ಡ್‌ಲೈನ್ ನಂಬರು 1098 ಗಣಿತ ಪುಸ್ತಕದ ಕೊನೇ ಪುಟದಲ್ಲಿ ಬರೆದುಕೊಂಡಳು, ಒಂದು ಲೆಕ್ಕದ ಉತ್ತರದ ಹಾಗೆ.

ಮುಂದಿನ ವೃಶ್ಚಿಕದ ಬಗ್ಗೆಯೂ ಅವತ್ತೇ ಅಮ್ಮನ ಹತ್ತಿರ ಮಾತಾಡಿದೆವು. ಮಾಲೆ ಹಾಕುವುದಾದರೆ ಹಾಕಲಿ, ಆದರೆ ಕುಡಿತ ನಿಲ್ಲಿಸುವುದು ಡಾಕ್ಟರ ಕೈ ಕೆಳಗೆ ಆಗಲಿ. ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯಲ್ಲಿ ಕುಡಿತ ಬಿಡಿಸುವ ಕೇಂದ್ರಗಳಿವೆ. ವ್ರತದ ನೆಪದಲ್ಲಾದರೂ ನಿಲ್ಲಿಸುವ ಮನಸ್ಸಿರುವ ಗಂಡಸನ್ನು ಅಲ್ಲಿಗೆ ಒಪ್ಪಿಸುವುದು ಉಳಿದ ಹತ್ತು ತಿಂಗಳಿಗಿಂತ ಆಗ ಸುಲಭ. ಅನ್ನಕ್ಕೆ ಗುಟ್ಟಾಗಿ ಕುಡಿತ ಬಿಡಿಸುವ ಮಾತ್ರೆ ಬೆರೆಸುವ ಉಪಾಯ ಯಾರೋ ಅವರಿಗೆ ಹೇಳಿದ್ದರು. ಗೊತ್ತಿಲ್ಲದೆ ಆ ಮಾತ್ರೆ ತಿಂದು ಮೇಲಿಂದ ಕುಡಿದರೆ ಬಿಪಿ ಬಿದ್ದು ಪ್ರಾಣಕ್ಕೇ ಬರಬಹುದು. ಬೇಡವೇ ಬೇಡ ಎಂದೆ.

ಮಾನಸಿಕ ಕಾಯಿಲೆ ಇರುವ ಮನೆಯ ಮಗುವಿನ ಕತೆ ಸ್ವಲ್ಪ ಬೇರೆ. ಕುಡಿತ ಊರಿಗೆಲ್ಲ ಕೇಳುತ್ತದೆ. ಸ್ಕಿಜೋಫ್ರೇನಿಯಾ ಕೇಳುವುದಿಲ್ಲ. "ಅವಳ ಅಮ್ಮನಿಗೆ ಮಂಡೆ ಸಮ ಇಲ್ಲ" ಎಂದು ಪಿಸುಮಾತಿನಲ್ಲಿ ಮುಗಿಯುತ್ತದೆ. ಇಲ್ಲಿ ಹಾಜರಿಯೂ ಗುಟ್ಟು ಬಿಟ್ಟುಕೊಡದು. ಎಷ್ಟೋ ಸಲ ಅವರು ಕ್ಲಾಸಿನ ಅತಿ ಅಚ್ಚುಕಟ್ಟಿನ ಮಕ್ಕಳು. ಒಬ್ಬ ಹುಡುಗ ಮಧ್ಯಾಹ್ನ ಊಟಕ್ಕೆ ಕೂತು ಅನ್ನ ಕಲಸಿ ಹಾಗೇ ಬಿಡುತ್ತಿದ್ದ. ಹೊರಗಿನವರು ಕೊಟ್ಟ ಊಟದಲ್ಲಿ ವಿಷ ಉಂಟು ಎಂದು ಅಮ್ಮ ಆಣೆ ಹಾಕಿಸಿದ್ದರು. ವಿಷ ಇಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೆ ತಿಂದರೆ ಅಮ್ಮನಿಗೆ ಮೋಸ. ಅವನು ಆಣೆ ಮುರಿಯದ ಹಾಗೆ, ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಕೊಟ್ಟೆವು. ಒಡೆಯದ ಮೊಟ್ಟೆಗೆ ಯಾರು ವಿಷ ಹಾಕುತ್ತಾರೆ?

ಅಮ್ಮನ ಮಾತ್ರೆ ಕೊಡುತ್ತಿದ್ದದ್ದು ಅವನೇ, ಹತ್ತು ವರ್ಷದವನು. ಮಂಗಳೂರಿನಿಂದ ಔಷಧಿ ತರುವ ಕುಟುಂಬಗಳಿಗೆ 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಏನಾಯಿತೆಂದು ಇಲ್ಲಿಯವರಿಗೆ ನೆನಪಿದೆ. ಮಾತ್ರೆ ತಪ್ಪಿದರೆ ಕೆಲವು ವಾರದಲ್ಲಿ ಕಾಯಿಲೆ ಮರುಕಳಿಸಬಹುದು. ಅದರ ಸುಳಿವು ಮೊದಲು ಸಿಗುವುದು ಮನೆಯ ಮಗುವಿಗೆ: ಅಮ್ಮ ರಾತ್ರಿ ಮಲಗುವುದಿಲ್ಲ, ಕಿಟಕಿ ಮುಚ್ಚುತ್ತಾಳೆ, ಸ್ನಾನ ಬಿಡುತ್ತಾಳೆ. ಸುಳಿವನ್ನು ಹೇಳಲು ಮಗುವಿಗೆ ಒಬ್ಬರಿರಬೇಕು, ಸರಿ. ಮಾತ್ರೆಯ ಜವಾಬ್ದಾರಿ ಮಾತ್ರ ಮಗುವಿನದ್ದಾಗಬಾರದು. ತಪ್ಪಿದ ದಿನ ಏನಾದರೂ ಆದರೆ ಜೀವಮಾನವಿಡೀ ಅದನ್ನು ಹೊರುತ್ತಾನೆ. ಆಶಾ ಕಾರ್ಯಕರ್ತೆಯ ಮೂಲಕ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಹಿಡಿದು, ಔಷಧಿ ಇಲ್ಲೇ ಹತ್ತಿರದ ಕ್ಲಿನಿಕ್ಕಿನಲ್ಲಿ ಸಿಗುವ ಹಾಗೆ ಮಾಡಿ, ಕೊಡುವ ಕೆಲಸವನ್ನು ಅತ್ತೆಯೊಬ್ಬರಿಗೆ ವಹಿಸಬೇಕಾಯಿತು. ಫೋನಿನಲ್ಲಿ ಕೇಳಿ ತಿಳಿದುಕೊಳ್ಳಲು ಟೆಲಿ ಮಾನಸ್ 14416 ಉಂಟು, ಕನ್ನಡದಲ್ಲೂ ಮಾತಾಡಬಹುದು.

ಈ ಮಕ್ಕಳು ಸ್ವಲ್ಪ ದೊಡ್ಡವರಾದಾಗ ಒಂದು ಪ್ರಶ್ನೆ ಕೇಳುತ್ತಾರೆ. ನನಗೂ ಇದು ಬರುತ್ತದಾ? ಸುಮ್ನೆ "ಛೇ, ಇಲ್ಲ" ಅನ್ನುವುದು ಮೋಸ. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ನೂರರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ನೂರರಲ್ಲಿ ಸುಮಾರು ಹತ್ತು ಮಂದಿಗೆ. ಅಂದರೆ ತೊಂಬತ್ತು ಮಂದಿಗೆ ಬರುವುದಿಲ್ಲ. ಹೀಗೆ ಲೆಕ್ಕ ಬಿಡಿಸಿ ಹೇಳಿದಾಗ ಒಬ್ಬ ಹುಡುಗ ತುಂಬ ಹೊತ್ತು ಸುಮ್ಮನಿದ್ದು, "ನಾನು ಖಂಡಿತ ಬರ್ತದೆ ಅಂತ ಅಂದ್ಕೊಂಡಿದ್ದೆ ಟೀಚರ್. ಕೇಳ್ಲಿಕ್ಕೆ ಹೆದರಿಕೆ ಆಗಿತ್ತು" ಅಂದ.

ಶಾಲೆಯಲ್ಲಿ ಒಬ್ಬ ದೊಡ್ಡವರು ಗೊತ್ತಿದ್ದರೆ ಎಷ್ಟು ವ್ಯತ್ಯಾಸ ಆಗುತ್ತದೆ ಎನ್ನುವುದಕ್ಕೆ ಹಳೆಯ ಒಂದು ಅಧ್ಯಯನ ಇದೆ. ಹವಾಯಿಯ ಕೌಆಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಜೊತೆಗಾರರು ದಶಕಗಟ್ಟಲೆ ಹಿಂಬಾಲಿಸಿದರು. ಬಡತನ, ಕುಡಿತ, ಮಾನಸಿಕ ಕಾಯಿಲೆ ಎಲ್ಲ ಸೇರಿ ಕಷ್ಟದಲ್ಲಿ ಬೆಳೆದ ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ಬದುಕು ಕಟ್ಟಿಕೊಂಡರು. ಅವರ ಕತೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದ್ದು ಬಿಡದೆ ಜೊತೆಗಿದ್ದ ಒಬ್ಬರು: ಅಜ್ಜಿ, ನೆರೆಯವರು, ಟೀಚರ್. ಉಳಿದ ಎರಡು ಪಾಲು ಮಕ್ಕಳನ್ನೂ ನೆನಪಿಡಬೇಕು. ಟೀಚರ್ ಒಬ್ಬರು ಒಳ್ಳೆಯವರಾದರೆ ಎಲ್ಲ ಸರಿಯಾಗುತ್ತದೆ ಎಂದು ಆ ಅಧ್ಯಯನ ಹೇಳುವುದಿಲ್ಲ.

ಹಣದ ದಾರಿಯೂ ಒಂದಿದೆ, ಶಾಲೆಗಳಿಗೆ ಅದು ಗೊತ್ತಿರುವುದು ಕಡಿಮೆ. ಕೇಂದ್ರ ಸರಕಾರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ, ತಂದೆ ತಾಯಿ ಕಾಯಿಲೆಯಿಂದ ನೋಡಿಕೊಳ್ಳಲಾರದ ಸ್ಥಿತಿಯಲ್ಲಿದ್ದರೆ ಮಗುವಿಗೆ ತಿಂಗಳಿಗೆ 4000 ರೂಪಾಯಿ ಸಿಗಬಹುದು. ಆದಾಯ ಮಿತಿ ಉಂಟು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆ ಹೆಸರು ಕೇಳಿದ ಕೂಡಲೇ ಅಮ್ಮಂದಿರು ಹೆದರುತ್ತಾರೆ, "ಮಕ್ಕಳನ್ನು ಕರ್ಕೊಂಡು ಹೋಗ್ತಾರಾ ಟೀಚರ್?" 2015ರ ಬಾಲ ನ್ಯಾಯ ಕಾಯಿದೆಯಲ್ಲಿ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಎಂದೇ ಇದೆ. ಇದನ್ನು ಮೊದಲು ಹೇಳಿ, ಆಮೇಲೆ ಫಾರಂ ತೆಗೆಯಬೇಕು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಬೇರೊಂದು. ಅಪ್ಪ ಆಸ್ಪತ್ರೆಯಲ್ಲಿ ಹತ್ತು ದಿನ ಇರುತ್ತಾರೆ. ಅಲ್ಲಿ ವಯಸ್ಸು, ಕೆಲಸ, ಎಷ್ಟು ವರ್ಷದಿಂದ ಕುಡಿತ ಎಲ್ಲ ಬರೆದುಕೊಳ್ಳುತ್ತಾರೆ. ಮಕ್ಕಳು ಎಷ್ಟು, ಈಗ ಯಾರ ಹತ್ತಿರ ಇದ್ದಾರೆ, ಅಪ್ಪನಿಗೆ ಏನಾಗಿದೆ ಎಂದು ಅವರಿಗೆ ಹೇಳಿದವರು ಯಾರು ಎಂದು ಕೇಳಿದ್ದನ್ನು ನಾನು ಕಂಡದ್ದು ಅಪರೂಪ. ನಾರ್ವೆಯಲ್ಲಿ 2010ರಿಂದ ಇದು ಕಾನೂನು: ರೋಗಿಗೆ ಚಿಕ್ಕ ಮಕ್ಕಳಿದ್ದಾರಾ ಎಂದು ವಿಚಾರಿಸಿ ಅವರ ಅಗತ್ಯ ನೋಡಲು ಆಸ್ಪತ್ರೆಯಲ್ಲೇ ಗೊತ್ತುಮಾಡಿದ ಸಿಬ್ಬಂದಿ ಇರಬೇಕು. ನಮ್ಮಲ್ಲಿ ಆಸ್ಪತ್ರೆಗೆ ಅಪ್ಪ ಗೊತ್ತು, ಶಾಲೆಗೆ ಮಗು ಗೊತ್ತು. ನಡುವೆ ತಲಪಾಡಿಯ ಗಡಿ ಬೇರೆ.

ಶಾಲೆ ಶಾಲೆಯ ನಡುವೆಯೂ ಹೀಗೆಯೇ. ಯು.ಪಿ. ಶಾಲೆ ಏಳಕ್ಕೆ ಮುಗಿಯುತ್ತದೆ. ಟಿ.ಸಿ.ಯಲ್ಲಿ ಹುಟ್ಟಿದ ತಾರೀಕು ಇರುತ್ತದೆ, ಜಾತಿ ಇರುತ್ತದೆ, ಸೋಮವಾರ ಬೆಳಿಗ್ಗೆ ಯಾಕೆ ತಡವಾಗುತ್ತದೆ ಎಂಬ ಕಾಲಂ ಇಲ್ಲ. ಇದ್ದರೂ ಬರೆಯುವಂಥದ್ದಲ್ಲ. ಮೇ ತಿಂಗಳಲ್ಲಿ ಅವಳನ್ನು ಕರೆದು ಕೇಳಿದೆ, ಹೈಸ್ಕೂಲಿನಲ್ಲಿ ನನಗೆ ಗುರುತಿನ ಒಬ್ಬ ಟೀಚರ್ ಇದ್ದಾರೆ, ಅವರಿಗೆ ಹೇಳಲಾ ಎಂದು. ಅವಳು ಯೋಚಿಸಿ, "ಕಪಾಟಿನ ವಿಷಯ ಮಾತ್ರ ಹೇಳಿ ಟೀಚರ್, ಉಳಿದದ್ದು ನಾನೇ ನೋಡಿ ಹೇಳ್ತೇನೆ" ಅಂದಳು. ಅಷ್ಟನ್ನೇ ಫೋನಿನಲ್ಲಿ ಹೇಳಿದೆ. ಜೂನ್ ಎರಡನೇ ವಾರ ಆ ಟೀಚರ್ ಮೆಸೇಜ್ ಹಾಕಿದರು: ಸ್ಟಾಫ್ ರೂಮಿನ ಕಪಾಟಿನಲ್ಲಿ ಕೆಳಗಿನ ಖಾನೆ ಖಾಲಿ ಮಾಡಿ ಕೊಟ್ಟಿದ್ದೇನೆ, ಚೀಲ ಅಲ್ಲೇ ಇಟ್ಟು ಹೋಗ್ತಾಳೆ.